ಕೊಂಡ ಷೇರು ಎಲ್ಲಿರುತ್ತದೆ? ಟ್ರೇಡಿಂಗ್ ಖಾತೆಯಿಂದ ಡಿಮ್ಯಾಟ್ ಖಾತೆಯವರೆಗೆ

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ನೀವು ಒಂದು ಕಂಪನಿಯ 100 ಷೇರುಗಳನ್ನು ತಲಾ 245 ರೂಪಾಯಿಗೆ ಕೊಂಡಿರಿ ಎಂದಿಟ್ಟುಕೊಳ್ಳಿ. ಮೊಬೈಲಿನ ತೆರೆಯ ಮೇಲೆ ಆರ್ಡರ್ ಪೂರ್ಣಗೊಂಡಿತು ಎಂದು ಬಂತು. ನಿಮ್ಮ ಖಾತೆಯಲ್ಲಿದ್ದ 24,500 ರೂಪಾಯಿ ಕಡಿಮೆಯಾಯಿತು. ಪಟ್ಟಿಯಲ್ಲಿ ಆ ಕಂಪನಿಯ ಹೆಸರೂ ಕಾಣಿಸಿತು. ಈಗ ಒಂದು ಪ್ರಶ್ನೆ: ಅದೇ ದಿನ ಹತ್ತೂವರೆಗೆ ಆ 100 ಷೇರುಗಳು ಯಾರ ಖಾತೆಯಲ್ಲಿವೆ?

ಮಾರಿದವರ ಡಿಮ್ಯಾಟ್ ಖಾತೆಯಲ್ಲೇ ಇವೆ. ಸೋಮವಾರ ರಾತ್ರಿಯೂ ಅಲ್ಲೇ ಇರುತ್ತವೆ. ನಿಮ್ಮ ಡಿಮ್ಯಾಟ್ ಖಾತೆಗೆ ಅವು ಬಂದು ಸೇರುವುದು ಮಂಗಳವಾರ. ನಡುವಿನ ಈ ಒಂದು ದಿನದಲ್ಲಿ ಏನಾಗುತ್ತದೆ ಎಂಬುದು ಗೊತ್ತಾದರೆ ಎರಡು ಖಾತೆಗಳು ಯಾಕೆ ಬೇಕು ಎಂಬುದು ತಾನಾಗಿ ಅರ್ಥವಾಗುತ್ತದೆ. ಇವತ್ತು ಆ ಒಂದು ದಿನದ ಜಾಡು ಹಿಡಿದೇ ಹೋಗೋಣ.

ಮೊದಲು ಟ್ರೇಡಿಂಗ್ ಖಾತೆ. ಇದು ನಿಮಗೂ ನಿಮ್ಮ ಬ್ರೋಕರಿಗೂ ನಡುವಿನ ಲೆಕ್ಕ. ಷೇರು ವಿನಿಮಯ ಕೇಂದ್ರದಲ್ಲಿ, ಅಂದರೆ ಎನ್‌ಎಸ್‌ಇ ಅಥವಾ ಬಿಎಸ್‌ಇಯಲ್ಲಿ, ನೀವು ನೇರವಾಗಿ ಆರ್ಡರ್ ಹಾಕುವಂತಿಲ್ಲ. ಅಲ್ಲಿನ ಸದಸ್ಯರಾದ ಬ್ರೋಕರುಗಳ ಮೂಲಕವೇ ಹೋಗಬೇಕು. ಬ್ರೋಕರ್ ನಿಮಗೊಂದು ಗ್ರಾಹಕ ಸಂಕೇತ ಕೊಟ್ಟು, ಅದನ್ನು ನಿಮ್ಮ ಪ್ಯಾನ್ ಜೊತೆ ವಿನಿಮಯ ಕೇಂದ್ರದಲ್ಲಿ ನೋಂದಾಯಿಸಿರುತ್ತಾರೆ. ನೀವು ಹಾಕುವ ಪ್ರತಿಯೊಂದು ಆರ್ಡರ್ ಆ ಸಂಕೇತವನ್ನು ಹೊತ್ತೇ ಹೋಗುತ್ತದೆ. ಆರ್ಡರ್ ಹಾಕುವುದು, ಅದಕ್ಕೆ ಬೇಕಾದ ಹಣ ಇದೆಯೇ ಎಂದು ನೋಡುವುದು, ವ್ಯವಹಾರ ಕುದುರಿದ ಮೇಲೆ ಕೊಡಬೇಕಾದದ್ದು ಎಷ್ಟು, ಬರಬೇಕಾದದ್ದು ಎಷ್ಟು ಎಂದು ಬರೆದಿಡುವುದು, ಇಷ್ಟೇ ಟ್ರೇಡಿಂಗ್ ಖಾತೆಯ ಕೆಲಸ. ಇದರಲ್ಲಿ ಹಣದ ಲೆಕ್ಕ ಇರುತ್ತದೆ, ಬಾಧ್ಯತೆಯ ಲೆಕ್ಕ ಇರುತ್ತದೆ. ಷೇರು ಮಾತ್ರ ಇರುವುದಿಲ್ಲ.

ಷೇರು ಇರುವುದು ಡಿಮ್ಯಾಟ್ ಖಾತೆಯಲ್ಲಿ, ಅಂದರೆ ಡೆಪಾಸಿಟರಿಯ ದಾಖಲೆಯಲ್ಲಿ. ನಮ್ಮ ದೇಶದಲ್ಲಿ ಡೆಪಾಸಿಟರಿಗಳು ಎರಡೇ: 1996ರಲ್ಲಿ ಶುರುವಾದ ಎನ್‌ಎಸ್‌ಡಿಎಲ್ ಮತ್ತು 1999ರಲ್ಲಿ ಶುರುವಾದ ಸಿಡಿಎಸ್‌ಎಲ್. ಇಲ್ಲಿಗೂ ನಾವು ನೇರವಾಗಿ ಹೋಗಲಾಗದು. ಡೆಪಾಸಿಟರಿ ಪಾರ್ಟಿಸಿಪೆಂಟ್, ಚಿಕ್ಕದಾಗಿ ಡಿಪಿ, ಎಂಬ ಮಧ್ಯವರ್ತಿಯ ಮೂಲಕವೇ ಖಾತೆ ತೆರೆಯಬೇಕು. ಬ್ಯಾಂಕುಗಳೂ ಡಿಪಿ ಆಗಿರುತ್ತವೆ, ಬ್ರೋಕರುಗಳೂ ಆಗಿರುತ್ತಾರೆ. ನಿಮ್ಮ ಬ್ರೋಕರೇ ನಿಮ್ಮ ಡಿಪಿಯೂ ಆಗಿದ್ದರೆ ಎರಡೂ ಖಾತೆ ಒಂದೇ ಅರ್ಜಿಯಲ್ಲಿ ತೆರೆದು, ಒಂದೇ ಆ್ಯಪಿನಲ್ಲಿ ಕಾಣುತ್ತವೆ. ಎರಡೂ ಒಂದೇ ಎಂಬ ಭ್ರಮೆ ಹುಟ್ಟುವುದು ಹೀಗೆ.

ನಿಮ್ಮ ಡಿಮ್ಯಾಟ್ ಖಾತೆಯ ಸಂಖ್ಯೆಯನ್ನು ಒಮ್ಮೆ ಗಮನಿಸಿ. ಅದರಲ್ಲಿ 16 ಸ್ಥಾನಗಳಿರುತ್ತವೆ. ಎಲ್ಲವೂ ಅಂಕಿಗಳಾಗಿದ್ದರೆ ಸಿಡಿಎಸ್‌ಎಲ್, IN ಎಂಬ ಎರಡು ಅಕ್ಷರಗಳಿಂದ ಶುರುವಾದರೆ ಎನ್‌ಎಸ್‌ಡಿಎಲ್. ಎರಡರಲ್ಲೂ ಮೊದಲ ಎಂಟು ಸ್ಥಾನಗಳು ಡಿಪಿಯ ಗುರುತು, ಕೊನೆಯ ಎಂಟು ನಿಮ್ಮ ಗುರುತು. ಒಳಗೆ ಷೇರುಗಳನ್ನು ಬರೆದಿಡುವುದು ಕಂಪನಿಯ ಹೆಸರಿನಿಂದಲ್ಲ, ಐಸಿನ್ ಎಂಬ 12 ಸ್ಥಾನಗಳ ಸಂಕೇತದಿಂದ. ಇನ್ಫೋಸಿಸ್ ಷೇರಿನದು INE009A01021. ಖಾತೆಯಲ್ಲಿ ಇರುವುದು ಇಷ್ಟೇ: ಇಂಥ ಐಸಿನ್, ಇಷ್ಟು ಸಂಖ್ಯೆ. ಎಷ್ಟಕ್ಕೆ ಕೊಂಡಿರಿ ಎಂಬುದು ಡೆಪಾಸಿಟರಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಆ್ಯಪಿನಲ್ಲಿ ಕಾಣುವ ಲಾಭ-ನಷ್ಟವೆಲ್ಲ ಬ್ರೋಕರ್ ತನ್ನ ಲೆಕ್ಕದಿಂದ ಹಾಕಿ ತೋರಿಸುವುದು.

ಎರಡೂ ಬೇರೆ ಎಂಬುದಕ್ಕೆ ಎರಡು ಉದಾಹರಣೆ ನೋಡಿ. ಬೆಳಗ್ಗೆ ಕೊಂಡು ಸಂಜೆಯೊಳಗೆ ಅಷ್ಟನ್ನೂ ಮಾರಿಬಿಟ್ಟರೆ, ಅದೇ ಇಂಟ್ರಾಡೇ, ನಿಮ್ಮ ಡಿಮ್ಯಾಟ್ ಖಾತೆಗೆ ಅದರ ಸುಳಿವೂ ಸಿಗುವುದಿಲ್ಲ. ಕೊಡಬೇಕಾದ ಷೇರು 100, ಬರಬೇಕಾದದ್ದು 100, ಉಳಿದದ್ದು ಸೊನ್ನೆ. ಹಣದ ವ್ಯತ್ಯಾಸ ಮಾತ್ರ ಟ್ರೇಡಿಂಗ್ ಖಾತೆಯಲ್ಲಿ ಬೀಳುತ್ತದೆ. ಇನ್ನೊಂದು ತುದಿಯಲ್ಲಿ, ಐಪಿಒದಲ್ಲಿ ಸಿಕ್ಕ ಷೇರು, ಬೋನಸ್ ಷೇರು, ಅಪ್ಪ ಮಗಳಿಗೆ ಉಡುಗೊರೆಯಾಗಿ ವರ್ಗಾಯಿಸಿದ ಷೇರು ಇವೆಲ್ಲ ನೇರವಾಗಿ ಡಿಮ್ಯಾಟ್ ಖಾತೆಗೆ ಬರುತ್ತವೆ. ಟ್ರೇಡಿಂಗ್ ಖಾತೆಗೆ ಅಲ್ಲಿ ಕೆಲಸವೇ ಇಲ್ಲ. ಪೇಟೆಯಲ್ಲಿ ಮಾರಬೇಕೆಂದಾಗ ಮಾತ್ರ ಅದು ಬೇಕು.

ಇಲ್ಲೇ ಡಿವಿಡೆಂಡಿನ ಮಾತೊಂದನ್ನು ಸೇರಿಸಿಬಿಡುತ್ತೇನೆ, ಯಾಕೆಂದರೆ ತುಂಬ ಜನ ಎಡವುವುದು ಇಲ್ಲಿ. ಡಿವಿಡೆಂಡ್ ಬ್ರೋಕರ್ ಮೂಲಕ ಬರುವುದಿಲ್ಲ. ಕಂಪನಿಯ ರಿಜಿಸ್ಟ್ರಾರ್ ಡೆಪಾಸಿಟರಿಯಿಂದ ಷೇರುದಾರರ ಪಟ್ಟಿ ತರಿಸಿಕೊಂಡು, ಡಿಮ್ಯಾಟ್ ಖಾತೆಯಲ್ಲಿ ನಮೂದಾದ ಬ್ಯಾಂಕ್ ಖಾತೆಗೆ ಹಣ ಕಳಿಸುತ್ತಾರೆ. ಬ್ಯಾಂಕ್ ಬದಲಾಯಿಸಿದವರು ಹಣ ಹಾಕಲು, ತೆಗೆಯಲು ಅನುಕೂಲವಾಗಲಿ ಎಂದು ಟ್ರೇಡಿಂಗ್ ಖಾತೆಯಲ್ಲಿ ಹೊಸ ಬ್ಯಾಂಕ್ ಸೇರಿಸುತ್ತಾರೆ. ಡಿಮ್ಯಾಟಿನಲ್ಲಿ ಹಳೆಯದೇ ಉಳಿದಿರುತ್ತದೆ. ಆ ಹಳೆಯ ಖಾತೆ ಮುಚ್ಚಿದ ಮೇಲೆ ಡಿವಿಡೆಂಡ್ ಕಂಪನಿಗೇ ವಾಪಸಾಗುತ್ತಿರುತ್ತದೆ. ನಿಮ್ಮ ಡಿಪಿಯಿಂದ ಕ್ಲೈಂಟ್ ಮಾಸ್ಟರ್ ರಿಪೋರ್ಟ್ ತರಿಸಿಕೊಳ್ಳಿ. ಡೆಪಾಸಿಟರಿಯಲ್ಲಿ ನಿಮ್ಮ ಹೆಸರು, ಬ್ಯಾಂಕ್, ಮೊಬೈಲ್, ನಾಮಿನಿ ಏನೇನು ದಾಖಲಾಗಿದೆ ಎಂಬುದೆಲ್ಲ ಆ ಒಂದೆರಡು ಪುಟಗಳಲ್ಲಿರುತ್ತದೆ.

ಈಗ ನಮ್ಮ ಸೋಮವಾರಕ್ಕೆ ಮರಳೋಣ. ನಿಮ್ಮ ಆರ್ಡರ್ ಇನ್ನೊಬ್ಬರ ಮಾರಾಟದ ಆರ್ಡರಿನೊಂದಿಗೆ ಕೂಡಿಕೊಂಡಿತು. ಆ ಇನ್ನೊಬ್ಬರು ಯಾರೆಂದು ನಿಮಗೆ ಗೊತ್ತಿಲ್ಲ, ಅವರ ಬಳಿ ನಿಜವಾಗಿ ಷೇರು ಇದೆಯೇ ಎಂಬುದೂ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ, ಯಾಕೆಂದರೆ ವ್ಯವಹಾರ ಕುದುರಿದ ಮೇಲೆ ಕ್ಲಿಯರಿಂಗ್ ಕಾರ್ಪೊರೇಷನ್ ನಡುವೆ ಬಂದು ನಿಲ್ಲುತ್ತದೆ. ಎನ್‌ಎಸ್‌ಇಯದು ಒಂದು, ಬಿಎಸ್‌ಇಯದು ಒಂದು ಇದೆ. ಕೊಂಡವರ ಪಾಲಿಗೆ ಅದೇ ಮಾರುವವರು, ಮಾರಿದವರ ಪಾಲಿಗೆ ಅದೇ ಕೊಳ್ಳುವವರು. ಆಚೆ ಕಡೆಯವರು ಕೈಕೊಟ್ಟರೂ ನಿಮ್ಮ ವ್ಯವಹಾರವನ್ನು ಅದು ಮುಗಿಸಿಕೊಡಬೇಕು. ಹಾಗಾಗಿಯೇ ಎಲ್ಲರಿಂದಲೂ ಮುಂಚಿತವಾಗಿ ಮಾರ್ಜಿನ್ ಎಂಬ ಭದ್ರತೆಯ ಹಣ ಹಿಡಿದಿಡುತ್ತದೆ.

ಸೋಮವಾರ ಸಂಜೆ ನಿಮ್ಮ ಬ್ರೋಕರ್ ಅವತ್ತಿನ ವ್ಯವಹಾರದ ವಿವರವಿರುವ ಕಾಂಟ್ರಾಕ್ಟ್ ನೋಟ್ ಕಳಿಸುತ್ತಾರೆ. ಅದೇ ರಾತ್ರಿ ಕ್ಲಿಯರಿಂಗ್ ಕಾರ್ಪೊರೇಷನ್ ಯಾರು ಎಷ್ಟು ಷೇರು ಕೊಡಬೇಕು, ಎಷ್ಟು ಹಣ ಕಟ್ಟಬೇಕು ಎಂದು ಲೆಕ್ಕ ಹಾಕಿ ಬ್ರೋಕರುಗಳಿಗೆ ತಿಳಿಸುತ್ತದೆ. ಮಂಗಳವಾರ ಬೆಳಗ್ಗೆ ಕೊಡುವವರು ಕೊಡಬೇಕು, ಇದು ಪೇ-ಇನ್. ಅದೇ ದಿನ ಮಧ್ಯಾಹ್ನದ ನಂತರ ಪಡೆಯುವವರು ಪಡೆಯುತ್ತಾರೆ, ಇದು ಪೇ-ಔಟ್. ವ್ಯವಹಾರದ ದಿನ ಟಿ, ಮರು ವ್ಯವಹಾರದ ದಿನ ಟಿ+1.

ಇಷ್ಟು ಬೇಗ ಆಗುವುದು ಹೊಸತು. 2001ರಲ್ಲಿ ಟಿ+5 ಇತ್ತು, 2002ರ ಏಪ್ರಿಲಿನಲ್ಲಿ ಟಿ+3, 2003ರ ಏಪ್ರಿಲಿನಲ್ಲಿ ಟಿ+2 ಆಯಿತು. ಆಮೇಲೆ ಸುಮಾರು ಇಪ್ಪತ್ತು ವರ್ಷ ಅಲ್ಲೇ ನಿಂತಿತ್ತು. 2022ರ ಫೆಬ್ರವರಿಯಿಂದ ಹಂತ ಹಂತವಾಗಿ ಬದಲಾಯಿಸುತ್ತ ಬಂದು, 2023ರ ಜನವರಿ 27ರಿಂದ ಎಲ್ಲ ಷೇರುಗಳೂ ಟಿ+1ಕ್ಕೆ ಬಂದವು. ಹಳೆಯ ಪುಸ್ತಕಗಳಲ್ಲಿ, ವಿಡಿಯೋಗಳಲ್ಲಿ ಎರಡು ದಿನ ಎಂದಿದ್ದರೆ ಗಾಬರಿಯಾಗಬೇಡಿ, ಅದು ಆ ಕಾಲದ ಮಾತು.

ಈಗ ಮಾರಿದವರ ಕಡೆ ಹೋಗೋಣ. ನಾಳೆ ನೀವೂ ಮಾರುವವರೇ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಾರಾಟದ ಆರ್ಡರ್ ಹಾಕುವುದು ಟ್ರೇಡಿಂಗ್ ಖಾತೆಯಲ್ಲಿ, ಷೇರು ಹೊರಗೆ ಹೋಗಬೇಕಾದದ್ದು ಡಿಮ್ಯಾಟ್ ಖಾತೆಯಿಂದ. ಮೊದಲನೆಯದರಲ್ಲಿ ಒತ್ತಿದ ಗುಂಡಿ ಎರಡನೆಯದರ ಬೀಗ ತೆಗೆಯುವುದಿಲ್ಲ. ಡಿಮ್ಯಾಟ್ ಖಾತೆಗೆ ಪ್ರತ್ಯೇಕ ಒಪ್ಪಿಗೆ ಬೇಕು, ಅದಕ್ಕೆ ಎರಡು ದಾರಿಗಳಿವೆ.

ಒಂದು, ಮಾರುವ ದಿನ ನೀವೇ ಒಪ್ಪಿಗೆ ಕೊಡುವುದು. ಸಿಡಿಎಸ್‌ಎಲ್ ಖಾತೆಯಾದರೆ ಟಿಪಿನ್ ಎಂಬ ಗುಪ್ತ ಸಂಖ್ಯೆ ಹಾಕಿ, ಮೊಬೈಲಿಗೆ ಬಂದ ಒಟಿಪಿಯನ್ನೂ ಕೊಡಬೇಕು. ಟಿಪಿನ್ ಕೊಡುವುದು ಡೆಪಾಸಿಟರಿಯೇ. ಯಾವ ಷೇರು, ಎಷ್ಟು ಎಂಬುದು ಆ ಪುಟದಲ್ಲಿ ಕಾಣುತ್ತದೆ, ಅಷ್ಟಕ್ಕೆ ಮಾತ್ರ ಒಪ್ಪಿಗೆ. ಎರಡು, ಒಮ್ಮೆಗೇ ಡಿಡಿಪಿಐ ಎಂಬ ಪತ್ರಕ್ಕೆ ಸಹಿ ಹಾಕಿಡುವುದು. ಆಮೇಲೆ ಪ್ರತಿ ಸಲ ಕೇಳುವುದಿಲ್ಲ. ಮೊದಲು ಇದರ ಜಾಗದಲ್ಲಿ ಬ್ರೋಕರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಡುತ್ತಿದ್ದರು. ಅದು ತುಂಬ ಅಗಲವಾದ ಬಾಗಿಲಾಗಿತ್ತು. 2022ರಲ್ಲಿ ಸೆಬಿ ತಂದ ಡಿಡಿಪಿಐ ನಾಲ್ಕೇ ಕೆಲಸಗಳಿಗೆ ಸೀಮಿತ: ವಿನಿಮಯ ಕೇಂದ್ರದಲ್ಲಿ ನೀವೇ ಮಾರಿದ ಷೇರನ್ನು ತಲುಪಿಸುವುದು, ಮಾರ್ಜಿನ್‌ಗಾಗಿ ಅಡವಿಡುವುದು, ವಿನಿಮಯ ಕೇಂದ್ರದ ಮೂಲಕ ಮಾಡಿದ ಮ್ಯೂಚುವಲ್ ಫಂಡ್ ವ್ಯವಹಾರ, ಮತ್ತು ಬೈಬ್ಯಾಕ್‌ನಂಥ ಕೊಡುಗೆಗಳಿಗೆ ಷೇರು ಒಪ್ಪಿಸುವುದು. ಇದು ಕಡ್ಡಾಯವಲ್ಲ. ಅಪರೂಪಕ್ಕೆ ಮಾರುವವರಿಗೆ ಟಿಪಿನ್ ದಾರಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಒಂದು ನಿಮಿಷ ಹೆಚ್ಚು ಹಿಡಿದರೂ ಪ್ರತಿ ಸಲ ಏನು ಹೊರಗೆ ಹೋಗುತ್ತಿದೆ ಎಂದು ಕಣ್ಣಾರೆ ನೋಡಿದ ಹಾಗಾಗುತ್ತದೆ.

ಒಪ್ಪಿಗೆ ಸಿಕ್ಕ ಮೇಲೆ ಮಾರಿದ ಷೇರುಗಳನ್ನು ನಿಮ್ಮದೇ ಡಿಮ್ಯಾಟ್ ಖಾತೆಯಲ್ಲಿ ಕ್ಲಿಯರಿಂಗ್ ಕಾರ್ಪೊರೇಷನ್ ಪರವಾಗಿ ತಡೆಹಿಡಿಯಲಾಗುತ್ತದೆ. ಅವು ಅವತ್ತು ಎಲ್ಲೂ ಹೋಗುವುದಿಲ್ಲ, ಆದರೆ ಬೇರೆಡೆಗೆ ಕಳಿಸಲೂ ಆಗುವುದಿಲ್ಲ. ಮರುದಿನ ಪೇ-ಇನ್ ಹೊತ್ತಿಗೆ ನೇರವಾಗಿ ಕ್ಲಿಯರಿಂಗ್ ಕಾರ್ಪೊರೇಷನ್‌ಗೆ ಹೋಗುತ್ತವೆ. ಮುಂಚೆ ಷೇರುಗಳು ಅದೇ ದಿನ ಬ್ರೋಕರಿನ ಪೂಲ್ ಖಾತೆಗೆ ಹೋಗಿ, ಎಲ್ಲ ಗ್ರಾಹಕರ ಷೇರುಗಳ ಜೊತೆ ಬೆರೆಯುತ್ತಿದ್ದವು. 2022ರ ನವೆಂಬರಿನಿಂದ ಮಾರುವ ಕಡೆ ಈ ತಡೆಹಿಡಿಯುವ ವ್ಯವಸ್ಥೆ ಕಡ್ಡಾಯವಾಯಿತು. ಕೊಳ್ಳುವ ಕಡೆಯೂ 2025ರ ಫೆಬ್ರವರಿಯಿಂದ ಷೇರುಗಳು ಬ್ರೋಕರಿನ ಖಾತೆಯಲ್ಲಿ ತಂಗದೆ ಕ್ಲಿಯರಿಂಗ್ ಕಾರ್ಪೊರೇಷನ್‌ನಿಂದ ನೇರ ಗ್ರಾಹಕರ ಡಿಮ್ಯಾಟ್ ಖಾತೆಗೆ ಬರುತ್ತಿವೆ. ಗ್ರಾಹಕರ ಷೇರುಗಳು ಬ್ರೋಕರಿನ ಕೈಯಲ್ಲಿ ಇದ್ದಷ್ಟು ಹೊತ್ತೂ ದುರುಪಯೋಗಕ್ಕೆ ಅವಕಾಶವಿತ್ತು. ಆ ಎರಡು ತಂಗುದಾಣಗಳನ್ನು ತೆಗೆದದ್ದು ದೊಡ್ಡ ಸುಧಾರಣೆ. ಹಣ ಮಾತ್ರ ಈಗಲೂ ಬ್ರೋಕರಿನ ಲೆಕ್ಕದ ಮೂಲಕವೇ ನಿಮಗೆ ಬರುತ್ತದೆ, ಅದನ್ನು ನೆನಪಿಡಿ.

ಇನ್ನೊಂದು ಸಣ್ಣ ಲೆಕ್ಕ. ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋದಾಗ ಡಿಪಿ ಶುಲ್ಕ ಬೀಳುತ್ತದೆ. ಒಳಗೆ ಬರುವುದಕ್ಕೆ ಸಾಮಾನ್ಯವಾಗಿ ಇಲ್ಲ. ಹೆಚ್ಚಿನ ಬ್ರೋಕರುಗಳು ಇದನ್ನು ಷೇರಿನ ಸಂಖ್ಯೆಯ ಮೇಲೆ ಹಾಕದೆ, ಒಂದು ದಿನಕ್ಕೆ ಒಂದು ಕಂಪನಿಗೆ ಇಷ್ಟು ಎಂದು ಹಾಕುತ್ತಾರೆ. ಹಾಗಿದ್ದಲ್ಲಿ 100 ಷೇರನ್ನು ಒಂದೇ ದಿನ ಹತ್ತು ಸಲ ಮಾರಿದರೆ ಒಂದು ಶುಲ್ಕ, ದಿನಕ್ಕೆ ಹತ್ತರಂತೆ ಹತ್ತು ದಿನ ಮಾರಿದರೆ ಹತ್ತು ಶುಲ್ಕ. ಇದು ಕಾಂಟ್ರಾಕ್ಟ್ ನೋಟಿನಲ್ಲಿ ಕಾಣದೆ ಟ್ರೇಡಿಂಗ್ ಖಾತೆಯ ಹಣದ ಲೆಕ್ಕವಾದ ಲೆಡ್ಜರಿನಲ್ಲಿ ಪ್ರತ್ಯೇಕವಾಗಿ ಬೀಳುವುದರಿಂದ ಹಲವರ ಗಮನಕ್ಕೇ ಬರುವುದಿಲ್ಲ.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿ ನಡೆದಾಗಿನ ಮಾತು. ಮಾರಿದವರು ಮಂಗಳವಾರ ಷೇರು ಕೊಡದೆ ಹೋದರೆ? ಹೀಗೂ ಆಗುತ್ತದೆ. ಅದಕ್ಕೆ ಸಾಮಾನ್ಯ ಕಾರಣ ಇದು: ಬೆಲೆ ಇಳಿಯುತ್ತದೆಂದು ಒಬ್ಬರು ಕೈಯಲ್ಲಿ ಇಲ್ಲದ ಷೇರನ್ನು ಬೆಳಗ್ಗೆ ಮಾರುತ್ತಾರೆ, ಸಂಜೆಯೊಳಗೆ ಮರಳಿ ಕೊಳ್ಳುವ ಯೋಚನೆ ಅವರದು. ಆದರೆ ಷೇರು ಏರುತ್ತ ಹೋಗಿ ಅಪ್ಪರ್ ಸರ್ಕ್ಯೂಟ್ ಮುಟ್ಟುತ್ತದೆ. ಅಂದರೆ ಅವತ್ತಿಗೆ ಇನ್ನು ಮೇಲೆ ಹೋಗುವಂತಿಲ್ಲ ಎಂಬ ಬೆಲೆಗೆ ಬಂದು ನಿಲ್ಲುತ್ತದೆ. ಕೊಳ್ಳುವವರ ಸಾಲು ಉದ್ದ, ಮಾರುವವರು ಒಬ್ಬರೂ ಇಲ್ಲ. ಮರಳಿ ಕೊಳ್ಳಲಾಗದೆ ದಿನ ಮುಗಿಯುತ್ತದೆ. ಮರುದಿನ ಕೊಡಲು ಅವರ ಬಳಿ ಷೇರಿಲ್ಲ. ಟಿಪಿನ್ ಒಪ್ಪಿಗೆ ಕೊಡದೆ ಬಿಟ್ಟಾಗಲೂ ಹೀಗೇ ಆಗಬಹುದು. ಷೇರು ಖಾತೆಯಲ್ಲಿದ್ದೂ ಪೇ-ಇನ್‌ಗೆ ತಲುಪುವುದಿಲ್ಲ.

ಆಗ ಕ್ಲಿಯರಿಂಗ್ ಕಾರ್ಪೊರೇಷನ್ ಹರಾಜಿಗೆ ಹೋಗುತ್ತದೆ. ಕೊರತೆ ಬಿದ್ದ ಷೇರನ್ನು ಮಂಗಳವಾರ ಮಧ್ಯಾಹ್ನ ಹರಾಜಿನಲ್ಲಿ ಕೊಂಡು, ಬುಧವಾರ ನಿಮಗೆ ತಲುಪಿಸುತ್ತದೆ. ಹೆಚ್ಚಿನ ಬೆಲೆಯ ಹೊರೆ ಕೊಡದೆ ಹೋದವರ ಮೇಲೆ. ನಿಮ್ಮ ಕೊಂಡ ಬೆಲೆ 245ರಲ್ಲೇ ಇರುತ್ತದೆ. ಹರಾಜಿನಲ್ಲೂ ಷೇರು ಸಿಗದಿದ್ದರೆ ಹಣದಲ್ಲಿ ಮುಗಿಸುತ್ತಾರೆ, ಇದನ್ನು ಕ್ಲೋಸ್-ಔಟ್ ಎನ್ನುತ್ತಾರೆ. ಸಾಮಾನ್ಯ ನಿಯಮ ಹೀಗಿದೆ: ವ್ಯವಹಾರದ ದಿನದಿಂದ ಹರಾಜಿನ ದಿನದವರೆಗಿನ ಅತಿ ಹೆಚ್ಚಿನ ಬೆಲೆ ಒಂದು ಕಡೆ, ಹರಾಜಿನ ದಿನದ ಮುಕ್ತಾಯದ ಬೆಲೆಗೆ ಶೇ 20 ಸೇರಿಸಿದ್ದು ಇನ್ನೊಂದು ಕಡೆ, ಎರಡರಲ್ಲಿ ಯಾವುದು ಹೆಚ್ಚೋ ಅದು. ನಮ್ಮ ಷೇರು ಮಂಗಳವಾರ 262ರವರೆಗೆ ಹೋಗಿ 258ಕ್ಕೆ ಮುಗಿಯಿತು ಎನ್ನಿ. 258ಕ್ಕೆ ಶೇ 20 ಸೇರಿಸಿದರೆ 309 ರೂಪಾಯಿ 60 ಪೈಸೆ. 262ಕ್ಕಿಂತ ಇದೇ ಹೆಚ್ಚು. ಷೇರಿನ ಬದಲು ಆ ಲೆಕ್ಕದಲ್ಲಿ ನಿಮಗೆ ಹಣ ಬರುತ್ತದೆ, ಅಂದರೆ 100 ಷೇರಿಗೆ 6,460 ರೂಪಾಯಿ ಹೆಚ್ಚು. ಷೇರು ಕೊಡದವರಿಗೆ ಅದು ದಂಡವಿದ್ದಂತೆ.

ಕೊಂಡವರಿಗೆ ತೊಂದರೆ ಇಲ್ಲವಲ್ಲ ಎಂದು ಅನ್ನಿಸಬಹುದು. ಕಾಯುತ್ತ ಕೂತರೆ ಇಲ್ಲ. ಆದರೆ ಸೋಮವಾರ ಕೊಂಡ ಷೇರನ್ನು, ಅದು ಡಿಮ್ಯಾಟಿಗೆ ಬರುವ ಮೊದಲೇ, ಮಂಗಳವಾರ ಬೆಳಗ್ಗೆ 260ಕ್ಕೆ ಮಾರಿಬಿಟ್ಟಿದ್ದರೆ? ಇವತ್ತು ಕೊಂಡು ನಾಳೆ ಮಾರುವ ಈ ಪದ್ಧತಿಗೆ ಬಿಟಿಎಸ್‌ಟಿ ಎಂದೇ ಹೆಸರಿದೆ. ಆ್ಯಪ್ ಮಾರಲು ಬಿಡುತ್ತದೆ. 24,500ಕ್ಕೆ ಕೊಂಡದ್ದು 26,000ಕ್ಕೆ ಹೋಯಿತು, 1,500 ಲಾಭ ಎಂದು ನೀವು ಲೆಕ್ಕ ಹಾಕಿರುತ್ತೀರಿ. ಮಂಗಳವಾರ ಮಧ್ಯಾಹ್ನ ಬರಬೇಕಾದ ಷೇರು ಬರುವುದಿಲ್ಲ. ನಿಮ್ಮ ಮಾರಾಟಕ್ಕೆ ಬುಧವಾರ ಬೆಳಗ್ಗೆ ಷೇರು ಕೊಡಬೇಕು. ಹರಾಜಿನ ಷೇರು ಬುಧವಾರವೇ ಬಂದರೂ ನಿಮ್ಮ ಪೇ-ಇನ್ ಹೊತ್ತಿಗೆ ಕೈಗೆ ಸಿಗದೆ ಹೋಗಬಹುದು. ಈಗ ಕೊಡದವರು ನೀವಾದಿರಿ. ನಿಮ್ಮ ಮಾರಾಟಕ್ಕೂ ಒಂದು ಹರಾಜು, ಅಲ್ಲಿ ಬೆಲೆ 275 ಎನ್ನಿ. ನಿಮಗೆ ಬರಬೇಕಾದದ್ದು 26,000, ನಿಮ್ಮ ಪರವಾಗಿ ಕೊಂಡದ್ದು 27,500. ಕೈಯಿಂದ 1,500 ಹೋಯಿತು, ಅದರ ಮೇಲೆ ಶುಲ್ಕಗಳು. ಮೊದಲು ಕೊಂಡ 100 ಷೇರು ಆಮೇಲೆ ಬಂದು ನಿಮ್ಮ ಖಾತೆಯಲ್ಲಿ ಕೂರುತ್ತದೆ. ಮಾರಿದೆ ಎಂದುಕೊಂಡದ್ದು ಮಾರಿಯೇ ಇಲ್ಲ.

ಗಮನಿಸಿ, ಅಪಾಯ ಹೆಚ್ಚಿರುವುದು ಯಾವ ಷೇರಿನಲ್ಲಿ? ಕೊಂಡ ದಿನವೇ ಅಪ್ಪರ್ ಸರ್ಕ್ಯೂಟ್ ಮುಟ್ಟಿದ ಷೇರಿನಲ್ಲಿ. ಮರುದಿನ ಮಾರಿ ಲಾಭ ಮಾಡುವ ಆಸೆ ಹುಟ್ಟಿಸುವುದೂ ಅದೇ. ಆ್ಯಪಿನ ಪಟ್ಟಿಯಲ್ಲಿ ಷೇರಿನ ಪಕ್ಕದಲ್ಲಿ T1 ಎಂಬ ಗುರುತಿದ್ದರೆ ಅದು ಇನ್ನೂ ಡಿಮ್ಯಾಟಿಗೆ ಬಂದಿಲ್ಲ ಎಂದರ್ಥ. ಸರ್ಕ್ಯೂಟ್ ಮುಟ್ಟಿದ ಷೇರಿನಲ್ಲಿ ಆ ಗುರುತು ಹೋಗುವವರೆಗೆ ಕಾಯುವುದು ಕ್ಷೇಮ.

ರಜೆಯ ತೊಡಕೂ ಒಂದಿದೆ. ಪೇಟೆ ತೆರೆದಿದ್ದು ಬ್ಯಾಂಕುಗಳ ಹಣದ ವ್ಯವಹಾರ ಮುಚ್ಚಿರುವ ದಿನಗಳಿರುತ್ತವೆ. ಅಂಥ ದಿನವನ್ನು ಇತ್ಯರ್ಥದ, ಅಂದರೆ ಷೇರು ಮತ್ತು ಹಣ ಕೈಬದಲಾಗುವ, ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಂಗಳವಾರ ಹಾಗಿದ್ದರೆ ಸೋಮವಾರದ ವ್ಯವಹಾರವೂ ಮಂಗಳವಾರದ ವ್ಯವಹಾರವೂ ಬುಧವಾರವೇ ಮುಗಿಯುತ್ತವೆ. ಷೇರು ಬಂದಿಲ್ಲ ಎಂದು ದೂರು ಕೊಡುವ ಮೊದಲು ವಿನಿಮಯ ಕೇಂದ್ರದ ರಜೆಪಟ್ಟಿಯಲ್ಲಿ ಇತ್ಯರ್ಥದ ರಜೆಯನ್ನೂ ನೋಡಿ.

ಇದೇ ಒಂದು ದಿನದ ಅಂತರ ಡಿವಿಡೆಂಡಿಗೂ ಬೋನಸ್ಸಿಗೂ ಅನ್ವಯಿಸುತ್ತದೆ. ಇವು ಯಾರಿಗೆ ಸಲ್ಲಬೇಕೆಂದು ಷೇರುದಾರರ ಪಟ್ಟಿ ನೋಡಿ ತೀರ್ಮಾನಿಸುವ ದಿನವೇ ರೆಕಾರ್ಡ್ ದಿನ. ಅದು ಶುಕ್ರವಾರವಾದರೆ, ಅವತ್ತು ಷೇರು ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಇರಬೇಕು. ಅಂದರೆ ಗುರುವಾರದೊಳಗೆ ಕೊಂಡಿರಬೇಕು. ಶುಕ್ರವಾರ ಕೊಂಡವರಿಗೆ ಸಿಗುವುದಿಲ್ಲ. ಶುಕ್ರವಾರ ಮಾರಿದವರಿಗೆ ಸಿಗುತ್ತದೆ, ಯಾಕೆಂದರೆ ಅವರ ಷೇರು ಖಾತೆಯಿಂದ ಹೊರಡುವುದು ಮುಂದಿನ ವ್ಯವಹಾರದ ದಿನ.

ಇದೇ ವಿಷಯದ ಸಭೆಯೊಂದರಲ್ಲಿ ಒಬ್ಬರು ಕೇಳಿದರು: ಕೊಂಡ ಷೇರು ಡಿಮ್ಯಾಟಿಗೆ ಬಂದಿದೆ, ಆದರೆ ಅಡವಿನಲ್ಲಿದೆ ಎಂದು ತೋರಿಸುತ್ತದೆ, ನಾವು ಅಡವಿಟ್ಟಿಲ್ಲವಲ್ಲ ಎಂದು. ಪೂರ್ತಿ ಹಣ ಕಟ್ಟದೆ ಕೊಂಡಾಗ ಹೀಗಾಗುತ್ತದೆ. ಷೇರು ನಿಮ್ಮ ಖಾತೆಗೇ ಬರುತ್ತದೆ, ಆದರೆ ಬಾಕಿ ತೀರುವವರೆಗೆ ಬ್ರೋಕರಿನ ಪರವಾಗಿ ತಾನಾಗಿಯೇ ಅಡವು ಬೀಳುತ್ತದೆ. ಬಾಕಿ ಕಟ್ಟಿದರೆ ಬಿಡುಗಡೆಯಾಗುತ್ತದೆ, ಕಟ್ಟದಿದ್ದರೆ ನಿಮಗೆ ತಿಳಿಸಿ ಅದನ್ನು ಮಾರಿ ಬಾಕಿ ಮುರಿದುಕೊಳ್ಳಬಹುದು. ಲೆಡ್ಜರಿನಲ್ಲಿ ಎಷ್ಟು ಬಾಕಿ ಇದೆ ಎಂದು ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಇನ್ನೊಬ್ಬರ ಪ್ರಶ್ನೆ, ಬ್ರೋಕರ್ ಬಾಗಿಲು ಮುಚ್ಚಿದರೆ ನಮ್ಮ ಷೇರಿನ ಗತಿ ಏನು ಎಂಬುದು. ಷೇರಿರುವುದು ಡೆಪಾಸಿಟರಿಯ ದಾಖಲೆಯಲ್ಲಿ, ನಿಮ್ಮ ಹೆಸರಿನಲ್ಲಿ. ಬೇರೆ ಡಿಪಿಯಲ್ಲಿ ಖಾತೆ ತೆರೆದು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಟ್ರೇಡಿಂಗ್ ಖಾತೆಯಲ್ಲಿ ಬಿಟ್ಟ ಹಣದ ಮಾತು ಬೇರೆ, ಅದಕ್ಕೆ ವಿನಿಮಯ ಕೇಂದ್ರದಲ್ಲಿ ಕ್ಲೇಮ್ ಹಾಕಿ ಕಾಯಬೇಕಾಗುತ್ತದೆ. ಆದ್ದರಿಂದ ಸದ್ಯಕ್ಕೆ ಬೇಡದ ಹಣವನ್ನು ಬ್ಯಾಂಕಿಗೆ ಹಿಂತೆಗೆದುಕೊಳ್ಳಿ. ಷೇರುಗಳ ವಿಷಯದಲ್ಲಿ ಬ್ರೋಕರಿನ ಆ್ಯಪ್ ಒಂದನ್ನೇ ನೆಚ್ಚದೆ, ಡೆಪಾಸಿಟರಿಯಿಂದ ಇಮೇಲಿಗೆ ಬರುವ ಏಕೀಕೃತ ಖಾತೆ ವಿವರಣೆಯನ್ನು ತೆರೆದು ನೋಡಿ. ಪ್ಯಾನ್ ಸಂಖ್ಯೆಯೇ ಅದರ ಪಾಸ್‌ವರ್ಡ್ ಆಗಿರುತ್ತದೆ. ಆ್ಯಪಿನಲ್ಲಿರುವ ಸಂಖ್ಯೆಗೂ ಅದರಲ್ಲಿರುವ ಸಂಖ್ಯೆಗೂ ವ್ಯತ್ಯಾಸ ಕಂಡರೆ, ಆ ತಿಂಗಳ ಕೊನೆಯ ದಿನ ಕೊಂಡದ್ದೋ ಮಾರಿದ್ದೋ ಇದೆಯೇ ಎಂದು ಮೊದಲು ನೋಡಿ. ಅದೂ ಇಲ್ಲದಿದ್ದರೆ ಅವತ್ತೇ ಡಿಪಿಗೆ ಬರೆದು, ಉತ್ತರವನ್ನು ಬರಹದಲ್ಲೇ ಪಡೆಯಿರಿ.